ಕಾಫಿಪುಡಿ ಡೈರಿ: ಫಿಲ್ಟರ್ ಅಂಗಡಿಯವರ ಜೊತೆ ಕೈಜೋಡಿಸಿದ ಕತೆ

ವಾರ 1

ಬಸವನಗುಡಿಯ ನಮ್ಮ ಕಾಫಿಪುಡಿ ಕೆಲಸಕ್ಕೆ ಈಗ ತಿಂಗಳಿಗೆ ಸುಮಾರು 350 ಮನೆಗಳ ಖಾತ್ರಿ ಗಿರಾಕಿಗಳಿದ್ದಾರೆ. ಪೇಟೆ ಕಡೆ ಹಿತ್ತಾಳೆ ಫಿಲ್ಟರ್ ಮಾರುವ ಒಂದು ಪುಟ್ಟ ಅಂಗಡಿ ಇದೆ. ಅಣ್ಣತಮ್ಮಂದಿರಿಬ್ಬರೇ ನಡೆಸುತ್ತಾರೆ, ತಿಂಗಳಿಗೆ ಇಪ್ಪತ್ತೈದು ಫಿಲ್ಟರ್ ಹೋದರೆ ಹೆಚ್ಚು. ಅವರ ಚೀಟಿ ನಮ್ಮ ಪೊಟ್ಟಣದಲ್ಲಿ, ನಮ್ಮ ಚೀಟಿ ಅವರ ಡಬ್ಬಿಯಲ್ಲಿ. ಇದಕ್ಕಿಂತ ಸರಳ ಏನಿದೆ ಅಂದುಕೊಂಡು ಮೂರು ಪುಟದ ಪ್ರಸ್ತಾವ ಬರೆದು ಕೊಟ್ಟುಬಂದೆ. ನಾವು 350 ಮನೆ ತಲುಪಿಸುತ್ತೇವೆ, ನೀವು 25 ತಾನೇ, ಆದ್ದರಿಂದ ಚೀಟಿ ಅಚ್ಚಿನ ಖರ್ಚು ನಿಮ್ಮದು ಅಂತಲೂ ಅದರಲ್ಲಿತ್ತು. ಬೇರೆ ಯಾವ ಕಾಫಿಪುಡಿಯವರ ಜೊತೆಯೂ ಸೇರಬಾರದು ಅಂತ ಇನ್ನೊಂದು ಷರತ್ತು.

ವಾರ 2

ಉತ್ತರವೇ ಇಲ್ಲ. ಶನಿವಾರ ನಾನೇ ಹೋದೆ. ದೊಡ್ಡವರು ಫಿಲ್ಟರ್ ಒರೆಸುತ್ತಲೇ ಹೇಳಿದರು: "ನೋಡಿ ಸ್ವಾಮಿ, ನಿಮ್ಮ ಪುಡಿ ಹದಿನೈದು ದಿನಕ್ಕೆ ಖಾಲಿ ಆಗತ್ತೆ, ಮತ್ತೆ ಬರ್ತಾರೆ. ನಮ್ಮ ಫಿಲ್ಟರು ಒಂದ್ಸಲ ತಗೊಂಡ್ರೆ ಮೊಮ್ಮಕ್ಕಳ ಕಾಲಕ್ಕೂ ಇರತ್ತೆ. ಇದ್ರಲ್ಲಿ ನಮಗೇನು?"

ಮನೆಗೆ ಬಂದು ಲೆಕ್ಕ ಹಾಕಿದೆ. ಅವರ 25 ಗಿರಾಕಿಗಳಲ್ಲಿ ಆರು ಮನೆ ನಮ್ಮಲ್ಲಿ ತಿಂಗಳಿಗೆ ಅರ್ಧ ಕೆಜಿ ಪುಡಿ ಕೊಳ್ಳತೊಡಗಿದರೆ, ಮನೆಗೆ ಎಪ್ಪತ್ತು ರೂಪಾಯಿ ಉಳಿಕೆಯಂತೆ ವರ್ಷಕ್ಕೆ ₹5,000 ಮೇಲೆ. ಅದೂ ಒಂದೇ ತಿಂಗಳ ಫಿಲ್ಟರ್ ಗಿರಾಕಿಗಳಿಂದ. ಮುಂದಿನ ತಿಂಗಳು ಮತ್ತೆ ಆರು ಮನೆ. ನಮ್ಮ 350 ಮನೆಗಳಲ್ಲಿ ಬಹುಪಾಲು ಕಡೆ ಫಿಲ್ಟರ್ ಆಗಲೇ ಇದೆ. ಮೂರೋ ನಾಲ್ಕೋ ಜನ ಕೊಂಡರೆ ಅವರಿಗೆ ಸಿಗುವುದು ಸಾವಿರದ ಆಸುಪಾಸು, ಒಂದೇ ಸಲ. ತಲೆ ಎಣಿಸಿದರೆ ದೊಡ್ಡವರು ನಾವು, ಲಾಭ ಎಣಿಸಿದರೆ ಪಡೆಯುವವರೂ ನಾವೇ. ಖರ್ಚು ಮಾತ್ರ ಅವರ ಮೇಲೆ ಹೊರಿಸಿದ್ದೆ!

ವಾರ 3

ದಾರಿ ಸಿಕ್ಕಿದ್ದು ಅವರ ಅಂಗಡಿಯ ಹಿಂಬದಿಯಲ್ಲಿ. ತಮ್ಮ ಅಲ್ಲಿ ಕಲಾಯಿ ಹಾಕುತ್ತಾರೆ: ಪಾತ್ರೆ ಉಜ್ಜಿ, ಒಲೆಯ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಸವರಿ, ಹತ್ತಿಯಿಂದ ಒಳಗೆಲ್ಲ ಬಳಿಯುವುದು. ಫಿಲ್ಟರ್ ಕೊಳ್ಳುವುದು ಒಮ್ಮೆ, ಆದರೆ ಕಲಾಯಿ ಸವೆಯುತ್ತದೆ, ಮತ್ತೆ ಹಾಕಿಸಬೇಕು. ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನರ ಮನೆಯ ಅಟ್ಟದ ಮೇಲೆ ಅಜ್ಜಿಯ ಕಾಲದ ಹಿತ್ತಾಳೆ ಫಿಲ್ಟರ್ ಕಲಾಯಿ ಹೋಗಿ ಕೂತಿದೆ. ಅವರಿಗೆ ತಲುಪಿಸಬೇಕಾದ್ದು ಹೊಸ ಫಿಲ್ಟರ್ ಅಲ್ಲ, ಈ ಕಲಾಯಿ.

ಹೊಸ ಪ್ರಸ್ತಾವ ಒಂದೇ ಪುಟ. ಎಂಟು ವಾರದ ಪ್ರಯೋಗ, ಬೇಡವೆನಿಸಿದರೆ ಯಾರಾದರೂ ಒಂದು ವಾರ ಮೊದಲು ಹೇಳಿ ನಿಲ್ಲಿಸಬಹುದು. ಚೀಟಿ ಅಚ್ಚು ನಮ್ಮ ಖರ್ಚು. ಅವರಲ್ಲಿ ಫಿಲ್ಟರ್ ಕೊಂಡವರಿಗೆ 100 ಗ್ರಾಂ ಪುಡಿ ಉಚಿತ, ಅದೂ ನಮ್ಮದೇ ಖರ್ಚು, ಯಾಕೆಂದರೆ ಹೊಸ ಗಿರಾಕಿ ಸಿಗುವುದು ನಮಗೆ. ಕಲಾಯಿಯ ದುಡ್ಡು ನೇರ ಅವರ ಕೈಗೆ. ಗಿರಾಕಿಗಳ ಫೋನ್ ನಂಬರ್ ಯಾರೂ ಯಾರಿಗೂ ಕೊಡುವಂತಿಲ್ಲ; ಬೇಕಾದವರು ತಾವೇ ಚೀಟಿ ನೋಡಿ ಫೋನ್ ಮಾಡಲಿ. ಬೇರೆಯವರ ಜೊತೆ ಸೇರಬಾರದೆಂಬ ಷರತ್ತನ್ನು ಹೊಡೆದುಹಾಕಿದೆ. ಎಣಿಕೆಗೆ ಬಣ್ಣದ ಚೀಟಿ: ನಮ್ಮಿಂದ ಹೋಗುವುದು ಗುಲಾಬಿ, ಅವರಿಂದ ಬರುವುದು ಹಳದಿ. ಹಳದಿ ಚೀಟಿ ತಂದವರು ನಮ್ಮ ಪುಸ್ತಕದಲ್ಲಿ ಆಗಲೇ ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ದೊಡ್ಡವರು ಎರಡು ಸಲ ಓದಿ ಒಂದೇ ಮಾತು ಸೇರಿಸಿದರು: "ತಮ್ಮ ಒಲೆ ಹಚ್ಚೋದು ಸೋಮವಾರ, ಗುರುವಾರ ಮಾತ್ರ. ದಿನಕ್ಕೆ ಹದಿನೈದರ ಮೇಲೆ ಆಗಲ್ಲ." ನಾನು 350 ಪೊಟ್ಟಣಕ್ಕೂ ಒಟ್ಟಿಗೆ ಚೀಟಿ ಹಾಕುವವನಿದ್ದೆ. ಅವರ ಹಳೆಯ ಕಲಾಯಿ ಗಿರಾಕಿಗಳೂ ಇದ್ದಾರಲ್ಲ. ವಾರಕ್ಕೆ 50 ಚೀಟಿ ಅಂತ ಇಳಿಸಿದೆವು.

ವಾರ 5

ಮೊದಲ 50 ಗುಲಾಬಿ ಚೀಟಿಯಿಂದ 11 ಫಿಲ್ಟರ್ ಕಲಾಯಿಗೆ ಬಂದವು. ಹಳದಿ ನಾಲ್ಕು ಬಂದವು, ಅದರಲ್ಲಿ ಹೊಸಬರು ಮೂರು.

ಎಡವಟ್ಟೂ ಆಯಿತು. ಎರಡು ಫಿಲ್ಟರ್‌ಗಳ ಮೇಲಿನ ಬಟ್ಟಲಿನ ತೂತುಗಳಲ್ಲಿ ತವರ ಕೂತು ಡಿಕಾಕ್ಷನ್ ಇಳಿಯಲೇ ಇಲ್ಲ. ಒಬ್ಬ ಅಮ್ಮ ಬಂದು ಜಗಳವಾಡಿದ್ದು ನಮ್ಮ ಹತ್ತಿರ, ಚೀಟಿ ಮೇಲೆ ಹೆಸರು ನಮ್ಮದಲ್ಲವೇ! ದೂರು ಯಾರು ನೋಡಿಕೊಳ್ಳಬೇಕೆಂದು ನಾವು ಬರೆದೇ ಇರಲಿಲ್ಲ. ಈಗ ಎರಡು ಸಾಲು ಸೇರಿಸಿದ್ದೇವೆ: ದೂರು ಯಾರ ಬಳಿ ಬಂದರೂ ಕೇಳಿಸಿಕೊಂಡು ಫಿಲ್ಟರ್ ಇಸಿದುಕೊಳ್ಳುವುದು, ಕಲಾಯಿ ಕೆಟ್ಟಿದ್ದರೆ ಅವರು ಮತ್ತೆ ದುಡ್ಡಿಲ್ಲದೆ ಹಾಕಿಕೊಡುವುದು. ತಮ್ಮ ಈಗ ಪ್ರತಿ ಬಟ್ಟಲನ್ನೂ ನೀರು ಹಾಕಿ ಬೆಳಕಿಗೆ ಹಿಡಿದು ನೋಡಿಯೇ ಕೊಡುತ್ತಾರೆ.

ಮುಂದಿನ ಸೋಮವಾರದ ಪಾಳಿಗೆ ಒಂಬತ್ತು ಫಿಲ್ಟರ್ ನಮ್ಮ ಗಲ್ಲಾಪೆಟ್ಟಿಗೆ ಪಕ್ಕ ಸಾಲಾಗಿ ಕೂತಿವೆ. ಒಂದರೊಳಗೆ ಅಡಿಕೆ ಸಿಕ್ಕಿತು.