ಮೇಸ್ತ್ರಿಯ ಪುಸ್ತಕದಲ್ಲಿದ್ದ ಮಾರ್ಚ್ 1 ನನ್ನ ವರದಿಯಲ್ಲಿ ಇರಲಿಲ್ಲ

ಶಿರಸಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಒಂದು ಕಡೆ ಲೆಕ್ಕ ಮತ್ತು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಲ್ಲವೂ ಚೀಲಗಳಲ್ಲಿ ಬರುತ್ತವೆ. ಇಳಿಸಿದ ಪ್ರತಿ ಚೀಲಕ್ಕೂ ಹಮಾಲಿ ಕೂಲಿ ಇದೆ. ಹಮಾಲರಿಗೆ ವಾರಕ್ಕೊಮ್ಮೆ ಮುಂಗಡ ಕೊಡುತ್ತೇವೆ, ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ ಮಾಡುತ್ತೇವೆ.

2025ರ ಜನವರಿಯಿಂದ ಆ ಲೆಕ್ಕವನ್ನು ನಾನು ವರದಿಗೆ ಹಾಕಿದೆ. ಪ್ರತಿ ತಿಂಗಳ 1ನೇ ತಾರೀಕು ಬೆಳಿಗ್ಗೆ 6 ಗಂಟೆಗೆ ಅದು ತಾನಾಗಿ ಮೇಲ್‌ಗೆ ಬರುತ್ತಿತ್ತು. ತಲೆಬರಹ ‘ಚೀಲದ ಲೆಕ್ಕ, ಕಳೆದ 30 ದಿನ’. ಒಳಗಿದ್ದ ಷರತ್ತು ಇಷ್ಟೇ:

```sql
WHERE bill_date >= CURRENT_DATE - 30
  AND bill_date <  CURRENT_DATE
```

ಏಪ್ರಿಲ್ 1ರಂದು ಹಮಾಲರ ಮೇಸ್ತ್ರಿ ತಮ್ಮ ಚಿಕ್ಕ ಪುಸ್ತಕ ಹಿಡಿದುಕೊಂಡು ಬಂದರು. "ತಂಗಿ, ಮಾರ್ಚ್ ಒಂದನೇ ತಾರೀಕು 214 ಚೀಲ ಇಳಿಸಿದ್ದೇವೆ. ಅದು ಎಲ್ಲಿದೆ ತೋರಿಸು" ಅಂದರು. ಬಿಲ್ ತೆಗೆದು ನೋಡಿದೆ. ಶನಿವಾರ, 214 ಚೀಲ, ಸರಿಯಾಗಿಯೇ ಇತ್ತು. ವರದಿಯಲ್ಲಿ ಮಾತ್ರ ಇರಲಿಲ್ಲ.

ಮೊದಲು ಯಾರೋ ಬಿಲ್ ತಡವಾಗಿ ಹಾಕಿರಬೇಕು ಅಂದುಕೊಂಡೆ. ಆಮೇಲೆ ಬೆರಳಲ್ಲಿ ಎಣಿಸಿದೆ. ಏಪ್ರಿಲ್ 1ರಿಂದ 30 ದಿನ ಹಿಂದೆ ಹೋದರೆ ಸಿಗುವುದು ಮಾರ್ಚ್ 2. ಮಾರ್ಚ್‌ಗೆ 31 ದಿನ, ಅಲ್ವಾ? ಮೊದಲ ದಿನ ಹೊರಗೇ ಉಳಿದಿತ್ತು.

ಹಾಗಾದರೆ ಹಿಂದಿನ ತಿಂಗಳುಗಳ ಗತಿ ಏನು ಎಂದು ಅಲ್ಲೇ ಕೂತು ತೆಗೆದೆ. ಫೆಬ್ರವರಿ 1ರ ವರದಿ ಜನವರಿ 2ರಿಂದ 31ರವರೆಗಿನದು. ಅಂದರೆ ಜನವರಿ 1ರ 96 ಚೀಲ ಬಿಟ್ಟುಹೋಗಿದೆ. ಮಾರ್ಚ್ 1ರ ವರದಿ ಇನ್ನೊಂದು ದಿಕ್ಕಿಗೆ ತಪ್ಪಿತ್ತು. ಫೆಬ್ರವರಿಗೆ 28 ದಿನ, ಹಾಗಾಗಿ ಅದು ಜನವರಿ 30ಕ್ಕೇ ಶುರುವಾಗಿತ್ತು. ಜನವರಿ 30 ಮತ್ತು 31ರ 388 ಚೀಲಕ್ಕೆ ಎರಡು ಸಲ ಕೂಲಿ ಹೋಗಿತ್ತು.

ಬಿಟ್ಟುಹೋದದ್ದು 310 ಚೀಲ, ಜಾಸ್ತಿ ಹೋದದ್ದು 388. ಮೂರು ತಿಂಗಳ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಬರೀ 78. ಸಾವಿರಾರು ಚೀಲಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಜನವರಿ 1ಕ್ಕೆ ಬಂದ ಹಮಾಲರೇ 31ಕ್ಕೂ ಬಂದಿರುವುದಿಲ್ಲ. ಒಬ್ಬರ ಕೂಲಿ ಕಡಿಮೆಯಾಗಿ ಇನ್ನೊಬ್ಬರದು ಹೆಚ್ಚಾದರೆ, ಒಟ್ಟು ಮೊತ್ತ ಸರಿ ಕಂಡರೂ ಲೆಕ್ಕ ಸರಿಯಲ್ಲ. ಇದು ನನಗೆ ತುಂಬ ಬೇಸರ ತಂದಿತು. ಚೀಲ ಹೊತ್ತವರ ದುಡ್ಡು ಅದು.

ಇಡೀ ವರ್ಷ ಹೀಗೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದೂ ನೋಡಿದೆ. 31 ದಿನದ ಏಳು ತಿಂಗಳುಗಳಲ್ಲಿ ತಲಾ ಒಂದು ದಿನ ಬಿಟ್ಟುಹೋಗುತ್ತದೆ. ಫೆಬ್ರವರಿಯಲ್ಲಿ ಎರಡು ದಿನ ಎರಡೆರಡು ಸಲ ಬರುತ್ತದೆ. ಸರಿ ಬರುವುದು ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ಮಾತ್ರ. ನಾನು ಪರೀಕ್ಷೆ ಮಾಡಿದ್ದು ಹಿಂದಿನ ನವೆಂಬರ್ ಲೆಕ್ಕದ ಮೇಲೆ. ಅದಕ್ಕೇ ಆಗ ಎಲ್ಲ ತಾಳೆಯಾಗಿತ್ತು.

ಇನ್ನೊಂದು ಮಾತು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ‘ಕಳೆದ 30 ದಿನ’ ಎಂದರೆ ಇವತ್ತೂ ಸೇರಿ. ಕೆಲವಲ್ಲಿ `Include today` ಎಂಬ ಗುಂಡಿ ಬೇರೆ ಇರುತ್ತದೆ. ಅದು ಆನ್ ಇದ್ದರೆ ಬೆಳಿಗ್ಗೆ 6ಕ್ಕೆ ಓಡುವ ವರದಿಯಲ್ಲಿ ಇನ್ನೂ ಒಂದು ಬಿಲ್ಲೂ ಆಗದ ‘ಇವತ್ತು’ ಒಂದು ದಿನ ತಿನ್ನುತ್ತದೆ. ನಮ್ಮಲ್ಲಿ ಹಾಗಿದ್ದಿದ್ದರೆ ಮಾರ್ಚ್ 1ರ ಜೊತೆ 2 ಕೂಡ ಹೋಗುತ್ತಿತ್ತು.

ಹಳೆಯ ಲೆಕ್ಕ ಸರಿಪಡಿಸಲು ‘ಕಳೆದ ಇಷ್ಟು ದಿನ’ ಎನ್ನುವ ಫಿಲ್ಟರ್ ಕೆಲಸಕ್ಕೆ ಬರುವುದಿಲ್ಲ. ಇವತ್ತು ಓಡಿಸಿದರೆ ಒಂದು ಉತ್ತರ, ನಾಳೆ ಓಡಿಸಿದರೆ ಇನ್ನೊಂದು. ಹಾಗಾಗಿ ತಾರೀಕುಗಳನ್ನು ಕೈಯಲ್ಲೇ ಬರೆದು, ಮೂರೂ ತಿಂಗಳಿಗೆ ಬೇರೆ ಬೇರೆ ವರದಿ ತೆಗೆದೆ. ಮೇಸ್ತ್ರಿಯ ಜೊತೆ ಕೂತು ದಿನ ದಿನವೂ ಪುಸ್ತಕಕ್ಕೆ ತಾಳೆ ನೋಡಿದೆ. ಯಾರಿಗೆ ಬಾಕಿ ಇತ್ತೋ ಅವರಿಗೆ ಅವತ್ತೇ ಕೊಟ್ಟೆವು. ಜಾಸ್ತಿ ಹೋದದ್ದನ್ನು ಒಮ್ಮೆಲೇ ಹಿಡಿಯದೆ ಮುಂದಿನ ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಕಳೆಯುವುದು ಎಂದು ಮಾತಾಯಿತು.

ತಿಂಗಳ ವರದಿಗೆ ‘30 ದಿನ’ ತೆಗೆದು ‘ಹಿಂದಿನ ಪೂರ್ತಿ ತಿಂಗಳು’ ಹಾಕಿದೆ:

```sql
WHERE bill_date >= date_trunc('month', CURRENT_DATE) - interval '1 month'
  AND bill_date <  date_trunc('month', CURRENT_DATE)
```

ಇದೂ ಓಡಿದ ದಿನವನ್ನೇ ನೋಡಿ ತಾರೀಕು ಹಿಡಿಯುತ್ತದೆ, ಆದರೆ ತಿಂಗಳ ಗಡಿಗೆ ಬಂದು ನಿಲ್ಲುತ್ತದೆ. 1ನೇ ತಾರೀಕು ಮೇಲ್ ಹೋಗದೆ 3ಕ್ಕೆ ಮತ್ತೆ ಓಡಿಸಿದರೂ ಅದೇ ತಿಂಗಳು ಸಿಗುತ್ತದೆ. ಜೊತೆಗೆ ತಲೆಬರಹದಲ್ಲಿ ‘ಕಳೆದ 30 ದಿನ’ ತೆಗೆದು, ಷರತ್ತಿನಲ್ಲಿರುವ ಅದೇ ಲೆಕ್ಕದಿಂದ ಬಂದ ಮೊದಲ ಮತ್ತು ಕೊನೆಯ ತಾರೀಕು ಮೂಡುವ ಹಾಗೆ ಮಾಡಿದೆ.

ಆ ತಲೆಬರಹ ಒಂದೇ ತಿಂಗಳಲ್ಲಿ ಕೆಲಸಕ್ಕೆ ಬಂತು. ನಮ್ಮ ಸಾಹುಕಾರರು ಬೇಗ ಎದ್ದು ಮೇಲ್ ನೋಡುವವರು. ಅವರು ಕೇಳಿದರು ಎಂದು ಸಮಯವನ್ನು 6ರಿಂದ 5ಕ್ಕೆ ತಂದಿದ್ದೆ. ಮೇ 1ರಂದು ಬಂದ ವರದಿಯ ಮೇಲೆ ‘01-03-2025 ರಿಂದ 31-03-2025’ ಎಂದಿತ್ತು! ಏಪ್ರಿಲ್ ಇರಲೇ ಇಲ್ಲ.

ಕಾರಣ ಗಡಿಯಾರ. ಸರ್ವರ್ ಯುಟಿಸಿ ಸಮಯದಲ್ಲಿ ಓಡುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಬೆಳಿಗ್ಗೆ 6 ಆದಾಗ ಅಲ್ಲಿ ಅದೇ ದಿನದ ನಡುರಾತ್ರಿ 12:30 ಆಗಿರುತ್ತದೆ. ಇಲ್ಲಿ 5 ಆದಾಗ ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ 11:30. ಸರ್ವರ್‌ಗೆ ಅದು ಏಪ್ರಿಲ್ 30, ಹಾಗಾಗಿ ‘ಹಿಂದಿನ ತಿಂಗಳು’ ಮಾರ್ಚ್. 30 ದಿನದ ಫಿಲ್ಟರ್‌ನಲ್ಲಿ ಇದೇ ತಪ್ಪಾಗಿದ್ದರೆ ಒಂದು ದಿನ ಸರಿಯುತ್ತಿತ್ತು, ಇಲ್ಲಿ ಇಡೀ ತಿಂಗಳೇ ಸರಿಯಿತು. ಬೆಳಿಗ್ಗೆ ಐದೂವರೆಗೆ ಮುಂಚೆ ಓಡುವ ಯಾವ ವರದಿಗೂ ಇದು ಆಗಬಹುದು. `CURRENT_DATE` ಇದ್ದ ಕಡೆಯೆಲ್ಲ ಇದನ್ನು ಹಾಕಿದೆ:

```sql
(now() AT TIME ZONE 'Asia/Kolkata')::date
```

ತಾರೀಕು ಕೈಯಲ್ಲಿ ಬರೆದಿಟ್ಟರೆ ಈ ಯಾವ ತೊಂದರೆಯೂ ಇಲ್ಲ, ನಿಜ. ಅದರ ತೊಂದರೆ ಬೇರೆ. ಆಡಿಟ್‌ಗೆಂದು 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ಒಂದು ವರದಿ ಮಾಡಿ, ಪ್ರತಿ ಸೋಮವಾರ ಹೋಗುವ ಹಾಗೆ ಹಾಕಿದ್ದೆ. ತಿದ್ದುಪಡಿಗಳು ನಡೆಯುತ್ತಿದ್ದಷ್ಟು ದಿನ ಅದು ಬೇಕಿತ್ತು. ಕೆಲಸ ಮುಗಿದ ಮೇಲೂ ಅದು ಹೋಗುತ್ತಲೇ ಇತ್ತು. ಮೂರು ವಾರ ಒಂದೇ ಅಂಕಿ. ಖರೀದಿ ನೋಡುವ ಹುಡುಗ ಅದನ್ನೇ ಈ ವರ್ಷದ ಲೆಕ್ಕ ಅಂದುಕೊಂಡು, "ಅಕ್ಕಾ, ಈ ಸಲ ಚಾಲಿ ಏನೂ ಏರಲೇ ಇಲ್ವಲ್ಲ" ಎಂದು ಕೇಳಿದ. ಆಗ ಗೊತ್ತಾಯಿತು. ಈಗ ಗಟ್ಟಿ ತಾರೀಕಿನ ವರದಿಯನ್ನು ತಾನಾಗಿ ಓಡಲು ಹಾಕಲೇಬೇಕಾದರೆ, ಅದು ನಿಲ್ಲುವ ದಿನವನ್ನೂ ಅಲ್ಲೇ ಹಾಕುತ್ತೇನೆ.

‘ಕಳೆದ ಇಷ್ಟು ದಿನ’ವನ್ನು ಪೂರ್ತಿ ಬಿಟ್ಟಿಲ್ಲ. ಆವಕ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂದು ದಿನವೂ ನೋಡಲು ಅದೇ ಬೇಕು. ಆದರೆ ಅಲ್ಲಿ 30ರ ಬದಲು 28 ಇಟ್ಟಿದ್ದೇನೆ. ಭಾನುವಾರ ನಮ್ಮಲ್ಲಿ ಚೀಲ ಇಳಿಯುವುದಿಲ್ಲ. 30 ದಿನದಲ್ಲಿ ಒಮ್ಮೆ ನಾಲ್ಕು ಭಾನುವಾರ, ಒಮ್ಮೆ ಐದು ಬರುತ್ತವೆ, ಆವಕ ಸುಮ್ನೆ ಏರಿಳಿದ ಹಾಗೆ ಕಾಣುತ್ತದೆ. 28 ದಿನದಲ್ಲಿ ಯಾವತ್ತೂ ನಾಲ್ಕೇ.