ಮಧ್ಯಾಹ್ನದ ಶಾಟ್‌ಗೆ ಸಂಜೆ ಬೆಳಕು: ಮೊದಲು ಸೂರ್ಯನಿಗೆ ಜಾಗ ಹುಡುಕಿ

ಶೂಟ್ ಆದ ವಿಡಿಯೋದ ಬಣ್ಣ, ಬೆಳಕು ತಿದ್ದುವ ಕಲರ್ ಗ್ರೇಡಿಂಗ್ ಮಾಡುವವರ ಮುಂದೆ ಈ ಬೇಡಿಕೆ ಆಗಾಗ ಬರುತ್ತದೆ. ಶೂಟ್ ಆಗಿದ್ದು ಮಧ್ಯಾಹ್ನ, ಕಥೆಯಲ್ಲಿ ಮಾತ್ರ ಸಂಜೆ, ಗೋಲ್ಡನ್ ಅವರ್ ಥರ ಮಾಡಿಕೊಡಿ ಅಂತ. ಕೆಲವು ಶಾಟ್‌ಗಳಲ್ಲಿ ಇದು ಚೆನ್ನಾಗಿಯೇ ಆಗುತ್ತದೆ, ಕೆಲವದರಲ್ಲಿ ಏನು ಮಾಡಿದರೂ ಆಗುವುದಿಲ್ಲ. ಇತ್ತೀಚೆಗೆ ಒಂದು ಕಿರುಚಿತ್ರದ ಕೊನೆಯ ದೃಶ್ಯಕ್ಕೆ ಈ ಕೆಲಸ ಮಾಡಿದೆ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ತಾರಸಿ ಮೇಲೆ ಅಣ್ಣ ತಂಗಿ ಎದುರುಬದುರು ನಿಂತು ಮಾತಾಡುವ ದೃಶ್ಯ. ಒಂದು ವೈಡ್, ತಂಗಿಯ ಕ್ಲೋಸಪ್, ಅಣ್ಣನ ಕ್ಲೋಸಪ್, ಒಟ್ಟು ಮೂರೇ ಶಾಟ್. ತೆಳು ಮೋಡ ಕವಿದ ಮಧ್ಯಾಹ್ನ. ಎಲ್ಲಾ ಕಡೆಯಿಂದ ಸಮನಾದ ಬೆಳಕು, ನೆರಳೇ ಇಲ್ಲ. ಹಿಂದೆ ಮರಗಳ ಸಾಲು, ಮುಂದೆ ತಾರಸಿಯ ಮೋಟುಗೋಡೆ. ಕ್ಯಾಮೆರಾ ಫೂಟೇಜ್ 10 ಬಿಟ್ ಲಾಗ್, ಅಂದರೆ ಗ್ರೇಡಿಂಗ್‌ಗಾಗಿ ಹೆಚ್ಚು ವಿವರ ಉಳಿಸುವ ರೆಕಾರ್ಡಿಂಗ್. ಮೋಡದ ಬಿಳುಪು ಕ್ಲಿಪ್ ಆಗಿರಲಿಲ್ಲ, ಅಂದರೆ ವಿವರ ಅಳಿದು ಬರೀ ಬಿಳಿಯಾಗಿರಲಿಲ್ಲ. ಈ ಕೊನೆಯ ವಿಷಯ ತುಂಬಾ ಮುಖ್ಯ. ಕ್ಲಿಪ್ ಆದ ಆಕಾಶಕ್ಕೆ ಬಣ್ಣ ಹಾಕಿದರೆ ಕಿತ್ತಳೆ ಕಾಗದ ಅಂಟಿಸಿದ ಹಾಗೆ ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ.

ಎಡಿಟ್ ಆಗಿ ಬಂದ ಕಾಪಿಯಲ್ಲಿ ಇಡೀ ಟೈಮ್‌ಲೈನ್‌ಗೆ ಒಂದು ವಾರ್ಮ್ ಲಟ್, ಅಂದರೆ ಬಣ್ಣಗಳನ್ನು ಬೆಚ್ಚಗೆ ಮಾಡುವ ಸಿದ್ಧ ಫೈಲ್, ಹಾಕಿದ್ದರು. ಯಾವ ಥರ ಬೇಕು ಅನ್ನೋದು ಅದರಿಂದ ಗೊತ್ತಾಯಿತು. ಆದರೆ ನೋಡಿದರೆ ಹಳದಿ ಕನ್ನಡಕ ಹಾಕಿಕೊಂಡು ಮಧ್ಯಾಹ್ನವನ್ನೇ ನೋಡಿದ ಹಾಗಿತ್ತು. ಸಂಜೆ ಸೂರ್ಯ ಕೆಳಗಿಳಿದಾಗ ಅವನ ಬೆಳಕು ಗಾಳಿಯಲ್ಲಿ ಜಾಸ್ತಿ ದೂರ ಹಾದು ಬರುತ್ತದೆ. ದಾರಿಯಲ್ಲೇ ನೀಲಿ ಚದುರಿ ಹೋಗಿ ಕಿತ್ತಳೆ ಭಾಗ ಉಳಿಯುತ್ತದೆ. ಮಧ್ಯಾಹ್ನ ಸುಮಾರು 5500 ಕೆಲ್ವಿನ್ ಇದ್ದ ಬಿಸಿಲು ಆಗ 3000ದಿಂದ 3500ರ ಹತ್ತಿರ ಬರುತ್ತದೆ. ಆದರೆ ಬಿಸಿಲು ತಾಗದ ಜಾಗಕ್ಕೆ ಬೆಳಕು ಕೊಡುವುದು ಮೇಲಿನ ಆಕಾಶ, ಅದು ಇನ್ನೂ ನೀಲಿಯೇ. ಅಂದರೆ ಒಂದೇ ಫ್ರೇಮಿನಲ್ಲಿ ಎರಡು ಬಣ್ಣದ ಬೆಳಕು ಇರುತ್ತದೆ. ಲಟ್ ಆಗಲಿ, ಟೆಂಪರೇಚರ್ ಸ್ಲೈಡರ್ ಆಗಲಿ, ಎರಡನ್ನೂ ಒಟ್ಟಿಗೆ ತಳ್ಳುತ್ತದೆ. ಬಿಸಿಲಿಗೂ ನೆರಳಿಗೂ ಇರಬೇಕಾದ ಅಂತರ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಹಾಗಾಗಿ ನಾನು ಬಣ್ಣ ಮುಟ್ಟುವ ಮುಂಚೆ ಸೂರ್ಯನನ್ನು ಎಲ್ಲಿ ಕೂರಿಸೋದು ಅಂತ ನೋಡುತ್ತೇನೆ. ಮೋಡದ ದಿನವೂ ಆಕಾಶದ ಒಂದು ಪಕ್ಕ ಸ್ವಲ್ಪ ಹೆಚ್ಚು ಬೆಳಗಿರುತ್ತದೆ. ವೈಡ್ ಶಾಟ್‌ನಲ್ಲಿ ಕಾಂಟ್ರಾಸ್ಟ್ ಸುಮ್ನೆ ಜಾಸ್ತಿ ಮಾಡಿ ನೋಡಿದಾಗ ಎಡಗಡೆಯ ಮೋಡ ಮತ್ತು ಇಬ್ಬರ ಕೂದಲಿನ ಎಡ ಅಂಚು ಸ್ವಲ್ಪ ಬಿಳಿಯಾಗಿ ಕಂಡವು. ಸೂರ್ಯ ಎಡಕ್ಕೆ, ಅವರ ಹಿಂದೆ ಅಂತ ತೀರ್ಮಾನಿಸಿದೆ.

ಹಿಂದೆಯೇ ಯಾಕೆ ಅಂದರೆ, ಸಂಜೆ ಸೂರ್ಯ ಬೆನ್ನಿಗಿದ್ದಾಗ ಕ್ಯಾಮೆರಾ ಕಡೆಗಿನ ಮುಖ ನೆರಳಿನಲ್ಲಿ ಇರುತ್ತದೆ. ಆ ಮುಖಕ್ಕೆ ಬೀಳುವುದು ಆಕಾಶದ ಮೃದು ಬೆಳಕು ಮಾತ್ರ. ಮೋಡದ ಮಧ್ಯಾಹ್ನದಲ್ಲಿ ಮುಖದ ಮೇಲೆ ಇರೋದೂ ಹೆಚ್ಚುಕಡಿಮೆ ಅದೇ ಬೆಳಕು! ಅಂದರೆ ಮುಖದ ಭಾಗ ಆಗಲೇ ಅರ್ಧ ಸರಿಯಾಗಿದೆ. ನಾನು ಸೇರಿಸಬೇಕಾದ್ದು ಕೂದಲು, ಭುಜದ ಅಂಚಿನ ಬಿಸಿಲು ಮತ್ತು ಸೂರ್ಯನ ಕಡೆಯಿಂದ ಹರಡುವ ಮಬ್ಬು. ಅದೇ ಸೂರ್ಯನನ್ನು ಮುಂದೆ ಇಟ್ಟರೆ ಮೂಗು, ಕೆನ್ನೆಗಳಿಗೆ ಇಲ್ಲದ ನೆರಳನ್ನು ಬರೆಯಬೇಕಾಗುತ್ತದೆ. ಅದು ಗ್ರೇಡಿಂಗ್‌ನಲ್ಲಿ ಆಗುವ ಕೆಲಸ ಅಲ್ಲ.

ಇನ್ನು ಕೆಲಸದ ಕ್ರಮ. ನಾನು ಬಳಸೋದು ಡಾವಿಂಚಿ ರಿಸಾಲ್ವ್, ಬೇರೆ ಸಾಫ್ಟ್‌ವೇರ್‌ನಲ್ಲೂ ಕ್ರಮ ಇದೇ. ಇದರಲ್ಲಿ ತಿದ್ದುಪಡಿಯ ಒಂದೊಂದು ಹಂತವೂ ಒಂದೊಂದು ನೋಡ್. ಮೊದಲ ನೋಡ್‌ನಲ್ಲಿ Color Space Transform ಹಾಕಿ ಫೂಟೇಜನ್ನು ವರ್ಕಿಂಗ್ ಸ್ಪೇಸ್‌ಗೆ, ಅಂದರೆ ಗ್ರೇಡ್ ಮಾಡುವ ಬಣ್ಣದ ವ್ಯವಸ್ಥೆಗೆ, ತಂದೆ, ಕೊನೆಯ ನೋಡ್‌ನಲ್ಲಿ ಇನ್ನೊಂದು ಹಾಕಿ ಡಿಸ್‌ಪ್ಲೇಗೆ ಇಳಿಸಿದೆ. ಉಳಿದದ್ದೆಲ್ಲ ಇವೆರಡರ ಮಧ್ಯೆ. ಮೊದಲು ಒಟ್ಟು ಎಕ್ಸ್‌ಪೋಶರನ್ನು ಅರ್ಧ ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ ಇಳಿಸಿದೆ. ಮಧ್ಯಾಹ್ನದ ಫ್ರೇಮ್‌ನಲ್ಲಿ ನೆಲ, ಗೋಡೆ, ಮರ ಎಲ್ಲವೂ ಬೆಳಗಿರುತ್ತವೆ. ಅದು ಇಳಿಯದಿದ್ದರೆ ಆಮೇಲೆ ಸೇರಿಸುವ ಬಿಸಿಲು ಎದ್ದು ಕಾಣುವುದಿಲ್ಲ. ಜೊತೆಗೆ ಇಡೀ ಫ್ರೇಮನ್ನು ಒಂಚೂರು ತಂಪಿನ ಕಡೆಗೆ ತಳ್ಳಿದೆ. ವಾರ್ಮ್ ಕೇಳಿದವರಿಗೆ ಈ ಹಂತ ತೋರಿಸಿದರೆ ಗಾಬರಿಯಾಗುತ್ತಾರೆ, ಆದರೆ ಇದು ನೆರಳಿನ ಭಾಗದ ಬಣ್ಣ, ಇದು ಬೇಕೇ ಬೇಕು.

ಮುಂದಿನ ನೋಡ್‌ನಲ್ಲಿ ಗ್ರೇಡಿಯಂಟ್ ವಿಂಡೋ. ವಿಂಡೋ ಅಂದರೆ ತಿದ್ದುಪಡಿಯನ್ನು ಫ್ರೇಮಿನ ಒಂದು ಭಾಗಕ್ಕೆ ಸೀಮಿತ ಮಾಡುವ ಮಾಸ್ಕ್. ಎಡ ಮೇಲ್ತುದಿಯಿಂದ ಶುರುವಾಗಿ ಫ್ರೇಮಿನ ಮುಕ್ಕಾಲು ಭಾಗದ ತನಕ ನಿಧಾನವಾಗಿ ಕರಗುವ ಹಾಗೆ ಇಟ್ಟೆ. ಅದರೊಳಗೆ ಬೆಳಗಿದ ಭಾಗಗಳನ್ನು ತಿದ್ದುವ ಗೇನ್ ಕಿತ್ತಳೆಗೆ ಹೋಯಿತು, ಮಧ್ಯದ ಛಾಯೆಗಳ ಗಾಮಾ ಸ್ವಲ್ಪ ಏರಿತು. ಇಲ್ಲಿಗೇ ನಿಲ್ಲಿಸಿದರೆ ಬಣ್ಣ ಬಳಿದ ಹಾಗೆ ಕಾಣುತ್ತದೆ. ಸೂರ್ಯನ ಕಡೆಗೆ ಕ್ಯಾಮೆರಾ ತಿರುಗಿಸಿದಾಗ ನಿಜವಾಗಿ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಗಾಳಿಯ ಧೂಳು, ಲೆನ್ಸ್‌ನ ಗಾಜು ಎರಡೂ ಬೆಳಕನ್ನು ಚೆಲ್ಲುತ್ತವೆ. ಆ ಪಕ್ಕದಲ್ಲಿ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ, ಬೆಚ್ಚಗಿನ ಬೂದು ಆಗುತ್ತದೆ. ಕಾಂಟ್ರಾಸ್ಟ್ ಕಡಿಮೆಯಾಗುತ್ತದೆ. ಹಾಗಾಗಿ ಅದೇ ವಿಂಡೋ ಒಳಗೆ ಕಪ್ಪು ಭಾಗಗಳನ್ನು ತಿದ್ದುವ ಲಿಫ್ಟನ್ನೂ ಕಿತ್ತಳೆ ಕಡೆಗೆ ಸ್ವಲ್ಪ ಏರಿಸಿದೆ, ಕಾಂಟ್ರಾಸ್ಟ್ ಇಳಿಸಿದೆ. ದೂರದ ಮರಗಳಿಗೆ ಇನ್ನೊಂದು ಮೆತ್ತನೆಯ ವಿಂಡೋ ಹಾಕಿ ಇದನ್ನೇ ಸ್ವಲ್ಪ ಜಾಸ್ತಿ ಮಾಡಿದೆ. ಶಾಟ್ ಸಂಜೆಯ ಹಾಗೆ ಕಂಡಿದ್ದು ಈ ಏರಿದ ಕಪ್ಪಿನಿಂದಲೇ. ಬಣ್ಣದ ಪಾಲು ಅದರ ಮುಂದೆ ಚಿಕ್ಕದು.

ಮರಗಳ ಹಸಿರು ಇನ್ನೂ ಮಧ್ಯಾಹ್ನವನ್ನೇ ಹೇಳುತ್ತಿತ್ತು. ಹಸಿರೆಲೆ ಕಿತ್ತಳೆ ಬೆಳಕಿನಲ್ಲಿ ಹಳದಿ ಬೆರೆತ ಆಲಿವ್ ಬಣ್ಣಕ್ಕೆ ತಿರುಗುತ್ತದೆ. ಹ್ಯೂ ವರ್ಸಸ್ ಹ್ಯೂ ಕರ್ವ್‌ನಲ್ಲಿ ಹಸಿರನ್ನು ಹಳದಿ ಕಡೆಗೆ ತಿರುಗಿಸಿ, ಸ್ಯಾಚುರೇಶನ್ ಸ್ವಲ್ಪ ತಗ್ಗಿಸಿದೆ.

ಗ್ಲೋ ವಿಷಯಕ್ಕೆ ಬಂದರೆ, ಇದರಲ್ಲೇ ಹೆಚ್ಚು ಶಾಟ್‌ಗಳು ಕೆಡೋದು. ರಿಸಾಲ್ವ್‌ನ ಗ್ಲೋ ಎಫೆಕ್ಟಿಗೆ ಸೂರ್ಯ ಎಲ್ಲಿದ್ದಾನೆ ಅಂತ ಗೊತ್ತಿಲ್ಲ. Shine Threshold ದಾಟಿದ ಬಿಳಿ ಎಲ್ಲಿದ್ದರೂ ಅದು ಹೊಳೆಯುತ್ತದೆ. ಈ ದೃಶ್ಯದಲ್ಲಿ ಅಣ್ಣ ಹಾಕಿದ್ದು ಬಿಳಿ ಶರ್ಟ್. ಗ್ಲೋ ಹಾಕಿದ ತಕ್ಷಣ ಶರ್ಟಿನ ಬಲ ತೋಳೂ, ಅಂದರೆ ಸೂರ್ಯನಿಗೆ ಬೆನ್ನು ಮಾಡಿದ ಪಕ್ಕವೂ, ಎಡದಷ್ಟೇ ಹೊಳೆಯಿತು. ನೋಡುವವರು ಬಾಯಿಬಿಟ್ಟು ಹೇಳಲಿಕ್ಕಿಲ್ಲ, ಆದರೆ ಏನೋ ಸರಿ ಇಲ್ಲ ಅಂತ ಕಣ್ಣಿಗೆ ಅನಿಸುತ್ತದೆ. ಅದಕ್ಕೇ ಗ್ಲೋ ನೋಡ್‌ಗೆ ಅದೇ ಎಡಗಡೆಯ ಗ್ರೇಡಿಯಂಟ್ ವಿಂಡೋ ಹಾಕಿ ಬೇಲಿ ಕಟ್ಟಿದೆ. ಅಂಚಿನ ಬಿಸಿಲಿಗೆ ಬೇರೆ ನೋಡ್. ಬಣ್ಣ, ಹೊಳಪು ನೋಡಿ ಭಾಗಗಳನ್ನು ಆರಿಸುವ ಕ್ವಾಲಿಫೈಯರ್‌ನಲ್ಲಿ ಕೂದಲು, ಭುಜದ ಹೊಳೆಯುವ ಅಂಚನ್ನು ಮಾತ್ರ ಹಿಡಿದು, ಎಡ ಪಕ್ಕಕ್ಕೆ ವಿಂಡೋದಿಂದ ಸೀಮಿತ ಮಾಡಿ, ಗೇನ್ ಏರಿಸಿ ಕಿತ್ತಳೆ ಕೊಟ್ಟೆ. ಈ ನೋಡ್ ಗ್ಲೋಗಿಂತ ಮುಂಚೆ ಬರಬೇಕು. ಹಾಗಿದ್ದರೆ ಏರಿದ ಅಂಚೇ ಗ್ಲೋಗೆ ಮೂಲ ಆಗುತ್ತದೆ, ಬೆಳಕು ಕೂದಲಿನಿಂದಲೇ ಹೊರಗೆ ಸುರಿದ ಹಾಗೆ ಕಾಣುತ್ತದೆ. ಸ್ಪ್ರೆಡ್ ದೊಡ್ಡದಿರಲಿ, ಗೇನ್ ಚಿಕ್ಕದಿರಲಿ. ಗ್ಲೋ ಇದೆ ಅಂತ ಗೊತ್ತಾಗುವಷ್ಟು ಹಾಕಿ, ಆಮೇಲೆ ಅರ್ಧಕ್ಕೆ ಇಳಿಸುವುದು ನನ್ನ ರೂಢಿ. ಬೆಳಕಿನ ಗೆರೆಗಳನ್ನು ಬರೆಯುವ ಲೈಟ್ ರೇಸ್ ಎಫೆಕ್ಟನ್ನು ನಾನು ಇಲ್ಲಿ ಮುಟ್ಟಲಿಲ್ಲ. ಬಯಲಿನಲ್ಲಿ ಬೆಳಕನ್ನು ಸೀಳಲು ಕೊಂಬೆಯೋ ಕಿಟಕಿಯೋ ಅಡ್ಡ ಇಲ್ಲದೆ ಗೆರೆಗಳು ಎಲ್ಲಿಂದ ಬರಬೇಕು?

ವೈಡ್ ಶಾಟ್ ಕೈಯಲ್ಲಿ ಹಿಡಿದು ತೆಗೆದಿದ್ದು, ಸ್ವಲ್ಪ ಅಲುಗಾಟ ಇತ್ತು. ವಿಂಡೋಗಳನ್ನು ಟ್ರ್ಯಾಕ್ ಮಾಡುವಾಗ ಹತ್ತಿರದ ಮೋಟುಗೋಡೆಗೆ ಅಂಟಿಸಬಾರದು. ಸೂರ್ಯ ಅಷ್ಟು ದೂರ ಇರೋದರಿಂದ ಕ್ಯಾಮೆರಾ ಪಕ್ಕಕ್ಕೆ ಸರಿದರೆ ಹತ್ತಿರದ ವಸ್ತು ಫ್ರೇಮಿನಲ್ಲಿ ಜಾಸ್ತಿ ಜರುಗುತ್ತದೆ, ಸೂರ್ಯ ಜರುಗೋದೇ ಇಲ್ಲ. ಗೋಡೆಗೆ ಟ್ರ್ಯಾಕ್ ಮಾಡಿದರೆ ಬೆಳಕು ಆಕಾಶದಲ್ಲಿ ತೇಲಾಡುತ್ತದೆ. ಅತಿ ದೂರದ ಮರದ ತುದಿ ಹಿಡಿದೆ, ಸರಿಹೋಯಿತು. ಅಂಚಿನ ಬಿಸಿಲಿನ ವಿಂಡೋ ಮಾತ್ರ ಆಯಾ ವ್ಯಕ್ತಿಗೇ ಟ್ರ್ಯಾಕ್ ಆಗಬೇಕು.

ಇಷ್ಟಾದ ಮೇಲೆ ಒಂದು ಪರೀಕ್ಷೆ ಮಾಡುತ್ತೇನೆ. ಕೊನೆಯಲ್ಲಿ ಒಂದು ನೋಡ್ ಸೇರಿಸಿ ಸ್ಯಾಚುರೇಶನ್ ಸೊನ್ನೆಗೆ ಇಳಿಸಿ ಕಪ್ಪು ಬಿಳುಪಿನಲ್ಲಿ ನೋಡುತ್ತೇನೆ. ಆಗಲೂ ಬೆಳಕು ಎಡದಿಂದ ಬರುತ್ತಿದೆ, ಬಲಕ್ಕೆ ಇಳಿಯುತ್ತಿದೆ ಅನಿಸಬೇಕು. ಎಡಿಟ್‌ನಿಂದ ಬಂದ ಲಟ್ ಕಾಪಿಗೆ ಹೀಗೆ ಮಾಡಿದರೆ ಅಪ್ಪಟ ಮಧ್ಯಾಹ್ನ ಕಾಣುತ್ತಿತ್ತು. ಆಮೇಲೆ ಬಣ್ಣ ವಾಪಸ್ ತಂದು, ಕೆಂಪು, ಹಸಿರು, ನೀಲಿಯ ಮಟ್ಟಗಳನ್ನು ಪಕ್ಕಪಕ್ಕದಲ್ಲಿ ತೋರಿಸುವ ಆರ್‌ಜಿಬಿ ಪೆರೇಡ್ ನೋಡಿದೆ. ಎಡಭಾಗದಲ್ಲಿ ಕೆಂಪು ನೀಲಿಗಿಂತ ಸ್ಪಷ್ಟವಾಗಿ ಮೇಲಿರಬೇಕು, ಬಲದ ನೆರಳುಗಳಲ್ಲಿ ಎರಡೂ ಹತ್ತಿರ ಇರಬೇಕು ಅಥವಾ ನೀಲಿ ತುಸು ಮೇಲಿರಬೇಕು. ಬಿಳಿ ಶರ್ಟ್ ಇಲ್ಲಿ ಒಳ್ಳೆ ಸಾಕ್ಷಿ. ಅದರ ಎಡ ಅಂಚು ಬೆಣ್ಣೆ ಬಣ್ಣಕ್ಕೆ ಬಂದು ಬಲ ಮಡಿಕೆಗಳು ತಣ್ಣಗಿನ ಬೂದಾಗಿ ಉಳಿದಿದ್ದವು.

ತಂಗಿಯ ಕ್ಲೋಸಪ್ ಕ್ಯಾಮೆರಾ ವೈಡ್‌ನ ದಿಕ್ಕಿಗೇ ಮುಖ ಮಾಡಿತ್ತು, ಅದಕ್ಕೂ ಇದೇ ನೋಡ್‌ಗಳು ಸ್ವಲ್ಪ ತಿದ್ದುಪಡಿಯೊಂದಿಗೆ ಸಾಕಾದವು. ಮುಖ ಮಾತ್ರ ಬಣ್ಣ ಅಳೆದು ತೋರಿಸುವ ವೆಕ್ಟರ್‌ಸ್ಕೋಪ್‌ನಲ್ಲಿ ಸ್ಕಿನ್ ಟೋನ್ ಗೆರೆಯ ಅಕ್ಕಪಕ್ಕದಲ್ಲೇ ಇರುವಂತೆ ನೋಡಿಕೊಂಡೆ. ತಲೆನೋವು ಆಗಿದ್ದು ಅಣ್ಣನ ರಿವರ್ಸ್ ಶಾಟ್. ಅಲ್ಲಿ ಕ್ಯಾಮೆರಾ ಎದುರು ದಿಕ್ಕಿಗೆ ತಿರುಗಿದೆ. ವೈಡ್‌ನಲ್ಲಿ ಎಡ ಹಿಂದೆ ಇದ್ದ ಸೂರ್ಯ ಈಗ ಕ್ಯಾಮೆರಾದ ಹಿಂದೆ, ಬಲಕ್ಕೆ ಬಂದ. ಡೈರೆಕ್ಟರ್ ಕೇಳಿದರು: "ಇದರಲ್ಲಿ ಆ ಗ್ಲೋ ಯಾಕಿಲ್ಲ? ಅವಳ ಶಾಟ್‌ನಲ್ಲಿ ಎಷ್ಟು ಚೆನ್ನಾಗಿದೆ ನೋಡಿ."

"ಸೂರ್ಯ ಈಗ ನಮ್ಮ ಬೆನ್ನ ಹಿಂದೆ ಇದ್ದಾನಲ್ವಾ, ಇಲ್ಲೂ ಗ್ಲೋ ಹಾಕಿದರೆ ಎರಡು ಸೂರ್ಯ ಆಗುತ್ತೆ," ಅಂದೆ. ಎರಡು ಶಾಟ್ ಒಂದರ ಹಿಂದೆ ಒಂದು ಓಡಿಸಿ ತೋರಿಸಿದ ಮೇಲೆ ಒಪ್ಪಿದರು. ಸೂರ್ಯನಿಗೆ ವಿರುದ್ಧ ದಿಕ್ಕಿನಲ್ಲಿ ಮಬ್ಬು ಇರುವುದಿಲ್ಲ, ಕಪ್ಪು ಕಪ್ಪಾಗಿಯೇ ಇರುತ್ತದೆ, ಆಕಾಶ ಹೆಚ್ಚು ನೀಲಿ. ಆದ್ದರಿಂದ ಲಿಫ್ಟ್ ಏರಿಸಲಿಲ್ಲ. ಬಲ ಕೆನ್ನೆಗೆ ಮೆತ್ತನೆಯ ವಿಂಡೋ ಹಾಕಿ ಬೆಚ್ಚಗೆ ಮಾಡಿದೆ, ಎಡ ಕೆನ್ನೆಯನ್ನು ತುಸು ಇಳಿಸಿದೆ, ಹಿಂದಿನ ಗೋಡೆಗೆ ಪೂರ್ತಿ ಬಿಸಿಲ ಬಣ್ಣ ಕೊಟ್ಟೆ. ನಿಜವಾದ ಸಂಜೆ ಬಿಸಿಲಿನಲ್ಲಿ ಮೂಗಿನ ನೆರಳು ಕೆನ್ನೆ ಮೇಲೆ ಬೀಳಬೇಕಿತ್ತು, ಅದನ್ನು ಕೊಡಲು ಆಗಲಿಲ್ಲ. ಹಾಗಾಗಿ ಈ ಶಾಟ್‌ನಲ್ಲಿ ಬಿಸಿಲನ್ನು ಕಡಿಮೆ ಇಟ್ಟೆ. ತೆಳು ಮೋಡ ಅಡ್ಡ ಬಂದ ಸಂಜೆಯ ಹಾಗೆ ಅದು ಕೂತುಕೊಂಡಿತು.

ಮೋಡ ಇಲ್ಲದ ಮಧ್ಯಾಹ್ನ ಆಗಿದ್ದರೆ ಈ ದೃಶ್ಯ ಉಳಿಯುತ್ತಿರಲಿಲ್ಲ. ಹುಬ್ಬಿನ ಕೆಳಗೆ ಕಣ್ಣು ಮುಚ್ಚುವ ನೆರಳು, ಕಾಲ ಬುಡದಲ್ಲೇ ಮುದುಡಿದ ಗಿಡ್ಡ ನೆರಳು, ಇವು ಸೂರ್ಯ ನೆತ್ತಿ ಮೇಲಿದ್ದಾನೆ ಅಂತ ಕೂಗಿ ಹೇಳುತ್ತವೆ. ಬಣ್ಣ ಬದಲಾದರೂ ನೆರಳಿನ ಉದ್ದ ಬದಲಾಗುವುದಿಲ್ಲ. ಅಂಥ ಫೂಟೇಜ್ ಬಂದರೆ ನೆಲ ಕಾಣದ ಹಾಗೆ ಕ್ರಾಪ್ ಮಾಡಲು ಆಗುತ್ತಾ ನೋಡುತ್ತೇನೆ. ಆಗದಿದ್ದರೆ ಇದು ಸಂಜೆ ಆಗುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಎಕ್ಸ್‌ಪೋರ್ಟ್ ಮಾಡುವಾಗ ಇನ್ನೊಂದು ತೊಂದರೆ ಬಂತು. 8 ಬಿಟ್ ಫೈಲಿನಲ್ಲಿ ಗ್ಲೋ ಹರಡಿದ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬಿದ್ದಿತು. ಗ್ರೇಡ್‌ನಲ್ಲಿ ಏನೂ ತಪ್ಪಿರಲಿಲ್ಲ, ಅಷ್ಟು ನಿಧಾನವಾಗಿ ಇಳಿಯುವ ಬಣ್ಣಕ್ಕೆ 8 ಬಿಟ್‌ನ ಮಟ್ಟಗಳು ಸಾಲುವುದಿಲ್ಲ. ಗ್ಲೋ ಆದಮೇಲೆ ಕಣ್ಣಿಗೆ ಕಾಣದಷ್ಟು ಫಿಲ್ಮ್ ಗ್ರೇನ್ ಸೇರಿಸಿ ಬಿಟ್‌ರೇಟ್ ಏರಿಸಿದೆ, ಪಟ್ಟೆ ಕರಗಿತು. ಈಗ ಇಂಥ ದೃಶ್ಯ ಶೂಟ್ ಮಾಡುವ ಕ್ಯಾಮೆರಾಮನ್ ಮೊದಲೇ ಫೋನ್ ಮಾಡಿದರೆ ನಾನು ಕೇಳಿಕೊಳ್ಳುವುದು ಇಷ್ಟೇ: 10 ಬಿಟ್ ಲಾಗ್‌ನಲ್ಲಿ ತೆಗೆಯಿರಿ, ಮೋಡ ಕ್ಲಿಪ್ ಆಗದ ಹಾಗೆ ಎಕ್ಸ್‌ಪೋಶರ್ ಇಡಿ, ನಟರ ಬೆನ್ನ ಹಿಂದೆ ಆಕಾಶದ ಬೆಳಗಿದ ಪಕ್ಕ ಇರಲಿ, ರಿವರ್ಸ್ ಶಾಟ್ ತೆಗೆಯುವಾಗ ಒಂದು ದೊಡ್ಡ ಬಿಳಿ ಥರ್ಮೋಕೋಲ್ ಬೋರ್ಡನ್ನು ಸೂರ್ಯ ಇರಬೇಕಾದ ಕಡೆಯಿಂದ ಮುಖಕ್ಕೆ ಹಿಡಿಯಿರಿ. ಆ ಬೋರ್ಡಿನಿಂದ ಬರುವ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸಬಹುದು.