ಕಪ್ಪಿನ ಹಿಡಿ ಯಾವ ಕಡೆ

"ಅಪ್ಪ ಎಡಗೈಯಲ್ಲಿ ಕಾಫಿ ಕುಡೀತಿದ್ರಾ?"

ಮಂಗಳವಾರ ಹೋಟೆಲಿಗೆ ಬಂದವರು ಇದನ್ನೇ ಎರಡು ಸಲ ಕೇಳಿದರು. "ಹೌದು ಸಾರ್" ಅಂದೆ, ಎರಡು ಸಲವೂ. ಬೇರೆ ಯಾರದೋ ಅಪ್ಪನ ವಿಷಯ ಹೇಳುತ್ತಿದ್ದೇನೆ ಅನ್ನೋ ಹಾಗೆ ನನ್ನ ಮುಖ ನೋಡಿದರು.

ಸಪ್ಲೈಯರ್‌ಗಳ ನೆನಪಿನ ಶಕ್ತಿಯನ್ನು ಜನ ಸುಮ್ನೆ ಹೊಗಳುತ್ತಾರೆ. ಬಿಲ್ ಆದ ಕೂಡಲೇ ಆರ್ಡರ್ ತಲೆಯಿಂದ ಹೋಗಿಬಿಡುತ್ತದೆ. ದಿನಾ ಬರುವವರದ್ದು ಮಾತ್ರ ಉಳಿಯುತ್ತದೆ, ಅದೂ ಹೆಸರಲ್ಲ. ಯಾವ ಟೇಬಲ್, ಯಾವ ಕುರ್ಚಿ, ಮತ್ತೆ ಕೈ. ಕಪ್ ಇಡುವಾಗ ನಮ್ಮ ಕಣ್ಣಿರುವುದು ಗಿರಾಕಿಯ ಕೈ ಮೇಲೆ ಅಲ್ವಾ?

ಮಂಗಳವಾರ ಬಂದವರ ಅಪ್ಪ ನಮಗೆ ಅಜ್ಜ. ಅಜ್ಜನದ್ದು ಗೋಡೆ ಪಕ್ಕದ ಟೇಬಲ್. ಸಕ್ಕರೆ ಇಲ್ಲದ ಕಾಫಿ. ಹೋದ ಮಳೆಗಾಲದಲ್ಲಿ ಒಂದು ದಿನ "ಹಿಡಿ ಈ ಕಡೆ ತಿರುಗಿಸಿ ಇಡಪ್ಪಾ" ಅಂದರು. ಆಮೇಲೆ ಅವರು ಕೇಳುವ ಮುಂಚೆಯೇ ಹಿಡಿ ಎಡಕ್ಕೆ ಇಡುತ್ತಿದ್ದೆ, ಮುಕ್ಕಾಲು ಕಪ್ಪಷ್ಟೇ ತುಂಬಿಸುತ್ತಿದ್ದೆ. ಬಲಗೈ ಪೇಪರ್ ಕೆಳಗೆ ಇರುತ್ತಿತ್ತು. ಫ್ಯಾನ್ ನಿಂತಿದ್ದರೂ ಪೇಪರಿನ ಮೂಲೆ ಪಟಪಟ ಅನ್ನುತ್ತಿತ್ತು. ವಿಚಿತ್ರ ಅಂದರೆ ಅದೇ ಕೈಯಲ್ಲಿ ಜೇಬಿನಿಂದ ಚಿಲ್ಲರೆ ತೆಗೆಯುವಾಗ ನಡುಕ ಕಮ್ಮಿ. ಆದರೆ ಬೆರಳು ತೀರಾ ನಿಧಾನ.

ಆಮೇಲೆ ಬರುವುದೇ ನಿಂತಿತು. ಆ ಟೇಬಲ್ಲಿಗೆ ಬೇರೆಯವರು ಬಂದು ಕೂತರು. ಇದೂ ದಿನಾ ಆಗುವುದೇ.

ಅಜ್ಜ ಮನೆಯಲ್ಲಿ ಬಿದ್ದಿದ್ದಾರಂತೆ. ಪಾರ್ಕಿನ್‌ಸನ್ ಇರಬಹುದು ಅಂತ ಡಾಕ್ಟರಿಗೆ ಅನುಮಾನ. ನಡುಕ ಯಾವಾಗ ಶುರುವಾಯಿತು, ಯಾವ ಕೈಯಲ್ಲಿ ಮೊದಲು ಅಂತ ಕೇಳಿದ್ದಾರೆ. ಆ ಕಾಯಿಲೆ ಸಾಮಾನ್ಯವಾಗಿ ಒಂದೇ ಕಡೆಯಿಂದ ಶುರುವಾಗುತ್ತದಂತೆ. ಕೈ ಸುಮ್ಮನಿದ್ದಾಗಲೇ ನಡುಕ ಜಾಸ್ತಿಯಂತೆ. ಮನೆಯವರಿಗೆ ಗೊತ್ತಿದ್ದದ್ದು ಬಿದ್ದ ದಿನದಿಂದ ಈಚೆಗಿನದು. ಅಪ್ಪನನ್ನು ಕೇಳಿದರೆ ಏನೂ ಇಲ್ಲ ಅನ್ನುತ್ತಾರೆ. ಕೊನೆಗೆ ದಿನಾ ಹೋಗುತ್ತಿದ್ದ ಹೋಟೆಲ್ ನೆನಪಾಗಿ ಮಗ ಬಂದಿದ್ದರು.

ಮಳೆಗಾಲ, ಬಲಗೈ, ಪೇಪರ್, ಚಿಲ್ಲರೆ. ನಾನು ಹೇಳಿದ್ದನ್ನೆಲ್ಲ ಫೋನಿನಲ್ಲಿ ಬರೆದುಕೊಂಡರು. ಆಮೇಲೆ, "ನಮಗೊಂದು ಮಾತು ಹೇಳಬಹುದಿತ್ತಲ್ವಾ?" ಅಂದರು.

ಮನುಷ್ಯ ಕೆಟ್ಟವರಲ್ಲ, ಹೆದರಿದ್ದಾರೆ. ಆದರೂ ಆ ಮಾತು ಇನ್ನೂ ಚುಚ್ಚುತ್ತಿದೆ. ಯಾರಿಗೆ ಹೇಳಬೇಕಿತ್ತು? ಅವರಿಗೆ ಮಗ ಇದ್ದಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆನಾ? ಮನೆಯಲ್ಲಿ ಮುಚ್ಚಿಟ್ಟಿದ್ದ ಕೈಯನ್ನು ಅಜ್ಜ ನನ್ನೆದುರು ಅಷ್ಟೊಂದು ಮುಚ್ಚಿಡಲಿಲ್ಲ. ನಾನು ಯಾರಿಗೂ ಹೇಳುವವನಲ್ಲ ಅನ್ನೋ ಧೈರ್ಯದಿಂದಲೇ ಇರಬೇಕು. ಮಾಲೀಕರು "ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ" ಅಂದರು. ಅವರಿಗೆ ಗಲ್ಲಾ ಬಿಟ್ಟರೆ ಬೇರೆ ಲೋಕ ಇಲ್ಲ.

ಹೊರಡುವಾಗ ಮಗ ಒಂದು ಕಾಫಿ ಪಾರ್ಸೆಲ್ ಕೇಳಿದರು, ಸಕ್ಕರೆ ಬೇಡ ಅಂದರು. ಹಿಡಿ ಇರುವ ಕಪ್ಪಿಗೆ ಮುಕ್ಕಾಲು ಮಾತ್ರ ಹಾಕಿ ಕೊಡಿ ಅಂದೆ.

"ಪರವಾಗಿಲ್ಲ, ನಾವೇ ಕುಡಿಸ್ತೀವಿ."

"ಅವರೇ ಕುಡೀತಾರೆ ಸಾರ್. ಎಡಗಡೆ ಇಡಿ ಸಾಕು."